ಮೊದಲು ‘ವೆಂಟ್’ ಅಂತಿದ್ದ ಮೊಮ್ಮಗಳು ಈಗ ‘ಗೋಡ್’ ಅಂತಾಳೆ: ಕತೆ ಓದಿ, ಮಗು ಎಲ್ಲಿ ಸುಳ್ಳು ಅನ್ನಿಸುತ್ತೆ ಹೇಳಿ

ಅರಸೀಕೆರೆ_ಪ್ಯಾಸೆಂಜರ್

ಒಂದು ಸಣ್ಣ ಕತೆ ಬರೆದಿದ್ದೇನೆ. ಎಲ್ಲಿಗಾದರೂ ಕಳಿಸೋ ಮೊದಲು ಇಲ್ಲಿ ಹಾಕುತ್ತಿದ್ದೇನೆ. ಕತೆ ಚೆನ್ನಾಗಿದೆಯಾ ಅಂತ ನಾನು ಕೇಳುತ್ತಿಲ್ಲ. ನನಗೆ ಮಕ್ಕಳಿಲ್ಲ, ಅಕ್ಕನ ಮಗಳನ್ನು ಫೋನಿನಲ್ಲಿ ಕೇಳಿಸಿಕೊಂಡಿದ್ದರ ಮೇಲೆ ಬರೆದದ್ದು. ನಿಜವಾದ ಮಗು ಹೀಗೆ ಮಾತಾಡುತ್ತಾ? ಅದನ್ನು ಹೇಳಿ.

ನಂಜುಂಡಯ್ಯ ಮೇಷ್ಟ್ರು ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಹೇಳಿಕೊಟ್ಟವರು. ‘ಗೋ, ವೆಂಟ್, ಗಾನ್’ ಅಂತ ಅವರು ಶುರು ಮಾಡಿದರೆ ಇಡೀ ಎಂಟನೇ ಕ್ಲಾಸು ಮಗ್ಗಿಯ ಥರ ಮುಂದುವರಿಸುತ್ತಿತ್ತು. ಮಗಳು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾಳೆ. ಮೊಮ್ಮಗಳು ಅದಿತಿ ಎರಡು ವರ್ಷದವಳಿದ್ದಾಗ ಒಮ್ಮೆ ವಿಡಿಯೋ ಕಾಲ್‌ನಲ್ಲಿ ಬಾಗಿಲ ಕಡೆ ಕೈ ತೋರಿಸಿ ‘ಅಪ್ಪ ವೆಂಟ್’ ಅಂದಿದ್ದಳು. ಮೇಷ್ಟ್ರು ಅದನ್ನು ಒಂದು ವಾರ ಊರಿಗೆಲ್ಲ ಹೇಳಿಕೊಂಡು ಓಡಾಡಿದರು.

ಈಗ ಅದಿತಿಗೆ ಮೂರೂವರೆ. ತಾತ ಮೂರು ತಿಂಗಳಿಗೆ ಅಂತ ಹೋಗಿದ್ದಾರೆ. ಮೊದಲನೇ ಸಂಜೆ ಅವಳು ಓಡಿ ಬಂದು, ‘ತಾತಾ, ವಿ ಗೋಡ್ ಟು ದ ಪಾರ್ಕ್’ ಅಂದಳು.

‘ಯಾವ ಗೋಡೆ, ಪುಟ್ಟಿ?’

‘ಗೋಡೆ ಅಲ್ಲ. ಗೋಡ್!’

ಅರ್ಥ ಆಗೋಕೆ ಮೇಷ್ಟ್ರಿಗೆ ಸ್ವಲ್ಪ ಹೊತ್ತು ಹಿಡಿಯಿತು. ‘ಗೋ’ಗೆ ‘ಡ್’ ಅಂಟಿಸಿದ್ದಾಳೆ!

‘ವೆಂಟ್ ಅನ್ನು.’

‘ವೆಂಟ್.’

‘ಶಭಾಷ್. ಈಗ ಹೇಳು, ಎಲ್ಲಿಗೆ ಹೋಗಿದ್ರಿ?’

‘ವಿ ಗೋಡ್ ಟು ದ ಪಾರ್ಕ್.’

ಮರುದಿನ ಪಕ್ಕದ ಮನೆಯ ಬೆಕ್ಕಿನ ಮರಿ. ‘ಐ ಹೋಲ್ಡೆಡ್ ಇಟ್.’ ‘ಹೆಲ್ಡ್’ ಅಂದರು ತಾತ. ‘ನೋ ತಾತಾ, ಹೋಲ್ಡೆಡ್’ ಅಂತ ಅವಳು ಎರಡೂ ಅಂಗೈ ಬೊಗಸೆ ಮಾಡಿ ತೋರಿಸಿದಳು, ತಾತನಿಗೆ ಹಿಡಿಯೋದು ಹೇಗೆ ಅಂತಲೇ ಗೊತ್ತಿಲ್ಲವೇನೋ ಅನ್ನೋ ಹಾಗೆ. ಮೇಷ್ಟ್ರು ಹಾಳೆಯ ಮೇಲೆ ಮೂರು ಕಾಲಂ ಗೆರೆ ಎಳೆದು ಫ್ರಿಜ್ಜಿಗೆ ಅಂಟಿಸಿದರು. ಅವಳು ಮೂರನೇ ಕಾಲಂನಲ್ಲಿ ಬೆಕ್ಕು ಬರೆದಳು. ಎರಡು ವರ್ಷದ ಮಗುವಿಗೆ ಬರುತ್ತಿದ್ದ ಇಂಗ್ಲಿಷು ಮೂರೂವರೆಗೆ ಹೋಗಿದ್ದೆಲ್ಲಿಗೆ? ಆ ಮೂರು ತಿಂಗಳಲ್ಲಿ ಅವಳು ಒಂದೇ ಒಂದು ಸಲವೂ ‘ವೆಂಟ್’ ಅನ್ನಲಿಲ್ಲ.

ಹೊರಡುವ ದಿನ ನೆವಾರ್ಕ್ ಏರ್‌ಪೋರ್ಟಿನಲ್ಲಿ ಸೋತು ಅವರೇ ಅಂದರು: ‘ತಾತ ಗೋಡ್.’ ಅದಿತಿ ಕಿಸಕ್ಕನೆ ನಕ್ಕಳು. ‘ತಾತಾ, ಇಟ್ಸ್ ವೆಂಟ್!’

ತರ್ಲೆ_ತಿಮ್ಮ

‘ಯಾವ ಗೋಡೆ’ಗೆ ಹತ್ತು ಮಾರ್ಕ್ಸ್. ಮಿಕ್ಕಿದ್ದು ಆಮೇಲೆ ಓದ್ತೀನಿ.

ಎನ್ನಾರೈ_ಫಿಲ್ಟರ್‌ಕಾಫಿ

ಕತೆ ಚೆನ್ನಾಗಿದೆ. ಆದರೆ ಕಾರಣ ಸಿಂಪಲ್ ಅಲ್ವಾ? ಮನೆಯಲ್ಲಿ ಕನ್ನಡ, ಡೇಕೇರ್‌ನಲ್ಲಿ ಇಂಗ್ಲಿಷ್. ಕನ್ನಡದಲ್ಲಿ ‘ಮಾಡು’ಗೆ ‘ಮಾಡಿದ’, ‘ನೋಡು’ಗೆ ‘ನೋಡಿದ’. ಬಾಲ ಅಂಟಿಸಿದರೆ ಮುಗಿಯಿತು. ಮಗು ಅದನ್ನೇ ಇಂಗ್ಲಿಷಿಗೂ ಹಚ್ಚಿದೆ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಇಂಗ್ಲಿಷೊಂದನ್ನೇ ಮಾತಾಡೋಕೆ ಶುರು ಮಾಡಿದ್ವಿ, ಒಂದು ವರ್ಷದಲ್ಲಿ ಸರಿಹೋಯಿತು. ಇದನ್ನು ಕತೆಯಲ್ಲಿ ಅವಳ ಅಮ್ಮನ ಬಾಯಲ್ಲಿ ಹೇಳಿಸಿ.

ಮಾತುಗಾತಿ

ದಯವಿಟ್ಟು ಹೇಳಿಸಬೇಡಿ! ನಾನು ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಓದಿ, ಹದಿನೈದು ವರ್ಷದಿಂದ ಮಕ್ಕಳ ಮಾತಿನ ಕೆಲಸದಲ್ಲೇ ಇರೋಳು. ಕಾಫಿಯವರೇ, ನೀವು ಕನ್ನಡ ನಿಲ್ಲಿಸದೇ ಇದ್ದಿದ್ದರೂ ಆ ಒಂದು ವರ್ಷದಲ್ಲಿ ಅದು ಸರಿಹೋಗ್ತಿತ್ತು. ಸುಮ್ನೆ ಒಂದು ಭಾಷೆ ಕಳೆದುಕೊಂಡ್ರಿ.

ಇಂಗ್ಲಿಷ್ ಬಿಟ್ಟು ಬೇರೇನೂ ಕೇಳದ ಮಕ್ಕಳೂ ‘ಗೋಡ್’, ‘ಹೋಲ್ಡೆಡ್’ ಅಂತಾರೆ. 1960ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ರೋಜರ್ ಬ್ರೌನ್ ಅನ್ನೋರು ಮೂರು ಮಕ್ಕಳ ಮಾತನ್ನು ಅವರವರ ಮನೆಗೇ ಹೋಗಿ ತಿಂಗಳುಗಟ್ಟಲೆ ಟೇಪ್ ಮಾಡಿಸಿದರು. ಆಡಂ, ಈವ್, ಸಾರಾ ಅಂತ ಆ ಮಕ್ಕಳಿಗೆ ಇಟ್ಟ ಹೆಸರು. ಅವರ ಮಾತಿನಲ್ಲೂ ಇಂಥವೇ ಇವೆ. ಅಲ್ಲಿ ಕನ್ನಡ ಎಲ್ಲಿಂದ ಬರಬೇಕು?

ನಿಮ್ಮ ಮಾತಿನಲ್ಲಿ ಒಂದರ್ಧ ಸರಿ ಇದೆ. ಎರಡು ಭಾಷೆಯ ಮಗು ದಿನದ ಹೊತ್ತನ್ನು ಎರಡಕ್ಕೂ ಹಂಚುತ್ತೆ. ‘ಹೆಲ್ಡ್’ ಅನ್ನೋದನ್ನು ಕೇಳೋ ಸರದಿ ಅಷ್ಟು ಕಡಿಮೆ. ಹಾಗಾಗಿ ‘ಹೋಲ್ಡೆಡ್’ ಸ್ವಲ್ಪ ಜಾಸ್ತಿ ದಿನ ಉಳಿಯಬಹುದು, ಅಷ್ಟೇ.

ಕತೆಯ ಬಗ್ಗೆ ನನ್ನದು ಮೂರು ತಕರಾರಿದೆ. ರಾತ್ರಿ ಬರೀತೀನಿ, ಈಗ ಕ್ಲಿನಿಕ್ಕು.

ಗುಬ್ಬಿಅಮ್ಮ

ಅಕ್ಕಾ, ನೀವು ಸಿಕ್ಕಿದ್ದು ಒಳ್ಳೇದಾಯ್ತು. ನನ್ನ ಮಗನಿಗೆ ಎರಡು ವರ್ಷ ಹತ್ತು ತಿಂಗಳು. ಅವನು ‘ಗೋಡ್’ ಅನ್ನಲ್ಲ, ‘ವೆಂಟ್’ ಕೂಡ ಅನ್ನಲ್ಲ. ‘ಅಮ್ಮ’, ‘ಕಾಕಾ’, ‘ಬೇಡ’, ಇಂಥ ಹತ್ತಿಪ್ಪತ್ತು ಪದ, ಒಂದೊಂದೇ. ಅತ್ತೆ ಹೇಳ್ತಾರೆ ಗಂಡುಮಕ್ಕಳು ನಿಧಾನ ಅಂತ. ಇದೂ ಹಾಗೇ ಸರಿಹೋಗುತ್ತಾ?

ಮಾತುಗಾತಿ

ಗುಬ್ಬಿಅಮ್ಮ, ಇದು ಬೇರೆ ವಿಷಯ. ಕತೆಯ ಮಗು ತಪ್ಪು ಮಾಡ್ತಿರೋದು ಅದಕ್ಕೆ ಮಾತು ಜಾಸ್ತಿ ಬಂದಿರೋದಕ್ಕೆ. ಎರಡು ವರ್ಷ ತುಂಬೋ ಹೊತ್ತಿಗೆ ಮಗು ‘ಅಮ್ಮ ಬಾ’, ‘ಹಾಲು ಬೇಡ’ ಅಂತ ಎರಡು ಪದ ಜೋಡಿಸೋಕೆ ಶುರು ಮಾಡಬೇಕು. ಮೂರರ ಹತ್ತಿರ ಬಂದೂ ಜೋಡಿಸುತ್ತಿಲ್ಲ ಅಂದರೆ ಕಾಯಬೇಡಿ. ಮೊದಲು ಕಿವಿ ಟೆಸ್ಟ್ ಮಾಡಿಸಿ, ಆಮೇಲೆ ಮಾತಿನ ತಜ್ಞರ ಹತ್ತಿರ ಕರ್ಕೊಂಡು ಹೋಗಿ. ಗಾಬರಿ ಬೇಡ, ಈ ವಾರವೇ ಹೋಗಿ. ಅತ್ತೆಯವರಿಗೆ ನಾನು ಹೇಳಿದೆ ಅನ್ನಿ.

ಧಾರವಾಡ_ಫೇಡೆ

ಇಂಗ್ಲಿಷ್ ಕೂಸಿನ ಮಾತು ಬಿಡ್ರಿ. ನಮ್ಮ ಕನ್ನಡ ಕೂಸುಗಳು ಇದನ್ನ ಮಾಡಂಗಿಲ್ಲೇನು? ನಮ್ಮ ತಮ್ಮನ ಮಗಳು ‘ನಾ ಅಜ್ಜಗ ಚಾಕ್ಲೇಟ್ ಕೊಡಿದೆ’ ಅಂತಿತ್ತು. ನೋಡು–ನೋಡಿದೆ, ಮಾಡು–ಮಾಡಿದೆ, ಹಂಗಾದ್ರ ಕೊಡು–ಕೊಡಿದೆ. ಅದರ ಲೆಕ್ಕ ಸರೀನ ಐತಿ. ‘ಕೊಟ್ಟೆ’ ಅನ್ನೋ ನಮ್ಮದs ತಪ್ಪು!

ತರ್ಲೆ_ತಿಮ್ಮ

ನನ್ನ ಮಗ ‘ನಾನು ಬೀಳಿದೆ’ ಅಂತಿದ್ದ. ಮಂಡಿ ತರಚಿಕೊಂಡು ಅಳುತ್ತಾ ಬಂದು ‘ಬೀಳಿದೆ’ ಅಂದರೆ ನಗೋದೋ, ಅರಿಶಿನ ಹಚ್ಚೋದೋ?

ಕೋಡುಬಳೆ

ನಮ್ಮನೆಯಲ್ಲಿ ‘ಬಸ್ಸು ಹೋಗಿತು’. ಕೋಳಿ ಕೂಗಿತು, ಬಸ್ಸು ಹೋಗಿತು.

ಧಾರವಾಡ_ಫೇಡೆ

ಅದು ‘ಹೋಗಿತ್ತು’ ಇದ್ದಿರಬೇಕ್ರಿ. ಅದು ಸರಿಯಾದ ಕನ್ನಡನ.

ಕೋಡುಬಳೆ

ಇಲ್ಲ ಸ್ವಾಮಿ, ಬಸ್ಸು ಕಣ್ಣೆದುರೇ ಹೋಗ್ತಾ ಇತ್ತು. ‘ತ್ತು’ ಅಲ್ಲ, ‘ತು’. ನಮ್ಮ ಕಿವಿ ಸರಿಯಾಗಿದೆ.

ಹಳೇಮೇಷ್ಟ್ರು

ನಾನು ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಕತೆ ಓದಿ ನನ್ನನ್ನೇ ಯಾರೋ ಕದ್ದು ನೋಡಿದ ಹಾಗಾಯಿತು. ಫ್ರಿಜ್ಜಿಗೆ ಅಂಟಿಸಿಲ್ಲ, ಬೀರುವಿಗೆ ಅಂಟಿಸಿದ್ದೆ.

ಆದರೆ ನಿಮ್ಮ ನಂಜುಂಡಯ್ಯನವರಿಗೆ ಒಂದು ವಿಷಯ ಗೊತ್ತಿರಬೇಕಿತ್ತು. ‘ವೆಂಟ್’ ಮೂಲದಲ್ಲಿ ‘ಗೋ’ದ ಕೂಸೇ ಅಲ್ಲ. ‘ವೆಂಡ್’ ಅಂತ ಬೇರೆ ಕ್ರಿಯಾಪದ ಇತ್ತು. ‘ಸೆಂಡ್’ಗೆ ‘ಸೆಂಟ್’, ‘ಬೆಂಡ್’ಗೆ ‘ಬೆಂಟ್’, ಹಾಗೆಯೇ ‘ವೆಂಡ್’ಗೆ ‘ವೆಂಟ್’. ‘ಗೋ’ ಅದನ್ನು ದತ್ತು ತೆಗೆದುಕೊಂಡಿತು. ನಾವು ಅದನ್ನು ‘ಗೋ’ದ ಪಕ್ಕ ಕೂರಿಸಿ ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದೆವು. ಮಗುವಿನ ಕಡೆಯಿಂದ ನೋಡಿದರೆ ‘ಗೋ’ ಇದ್ದಲ್ಲಿ ‘ವೆಂಟ್’ ಯಾಕೆ ಬರಬೇಕು? ಒಂದು ಅಕ್ಷರವೂ ಹೊಂದುವುದಿಲ್ಲ.

ಇನ್ನೊಂದು. ಇವತ್ತು ನಾವು ‘ಹೆಲ್ಪ್ಡ್’ ಅನ್ನುತ್ತೇವೆ. ಹಿಂದೆ ಅದು ‘ಹೋಲ್ಪ್’ ಆಗಿತ್ತು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ‘ಹೋಲ್ಪನ್’ ಅಂತಲೇ ಇದೆ. ಯಾವುದೋ ಕಾಲದ ಮಕ್ಕಳು ಅದನ್ನು ‘ಹೆಲ್ಪ್ಡ್’ ಮಾಡಿ ಗೆದ್ದವು. ಅದಿತಿ ನಾಲ್ಕು ನೂರು ವರ್ಷ ಮೊದಲು ಹುಟ್ಟಿದ್ದರೆ ‘ಹೋಲ್ಡೆಡ್’ ಕೂಡ ನಿಘಂಟು ಸೇರುತ್ತಿತ್ತೋ ಏನೋ.

ಮಾತುಗಾತಿ

ಮೇಷ್ಟ್ರೇ, ‘ಹೋಲ್ಪ್’ ಕತೆ ಗೊತ್ತಿರಲಿಲ್ಲ, ಖುಷಿಯಾಯ್ತು. ಆದರೆ ಮಕ್ಕಳೇ ಬದಲಾಯಿಸಿದವು ಅಂತ ಹೇಳೋಕಾಗಲ್ಲ. ಬಳಕೆ ಕಡಿಮೆಯಾದ ರೂಪವನ್ನು ದೊಡ್ಡವರೂ ಮರೀತಾರೆ. ಬಾಲ ಅಂಟಿಸೋ ಚಾಳಿ ಅವರಿಗೂ ಇದೆ.

ಈಗ ತಕರಾರು. ದೊಡ್ಡದು ಮೊದಲು. ‘ಮೂರು ತಿಂಗಳಲ್ಲಿ ಒಂದೇ ಒಂದು ಸಲವೂ ವೆಂಟ್ ಅನ್ನಲಿಲ್ಲ’ ಅನ್ನೋ ಸಾಲು. ಹೀಗೆ ಆಗಲ್ಲ. ತಾತನಿಗೆ ಹಾಗೆ ಅನ್ನಿಸಬಹುದು, ಕತೆಗಾರನಿಗೆ ಅನ್ನಿಸಬಾರದು. 1992ರಲ್ಲಿ ಗ್ಯಾರಿ ಮಾರ್ಕಸ್, ಸ್ಟೀವನ್ ಪಿಂಕರ್ ಮತ್ತೆ ಅವರ ಜೊತೆಯವರು 83 ಮಕ್ಕಳ ಟೇಪಿನ ಬರಹ ತೆಗೆದು, ಬಾಲ ಅಂಟದ ಕ್ರಿಯಾಪದಗಳು ಬಂದ 11,521 ಜಾಗ ಎಣಿಸಿದರು. ಸಾಮಾನ್ಯ ಮಗು ನೂರಕ್ಕೆ ಎರಡು ಮೂರು ಕಡೆ ಮಾತ್ರ ‘ಗೋಡ್’ ಥರ ಅಂದಿತ್ತು. ಮಿಕ್ಕಿದ್ದೆಲ್ಲ ಸರಿ. ನಾವು ಮಾತ್ರ ಸರಿಯಾದ 97 ಬಿಟ್ಟು ಆ ಮೂರನ್ನೇ ನೆನಪಿಟ್ಟುಕೊಂಡು ಫೋನ್ ಮಾಡಿ ಹೇಳ್ತೀವಿ.

ಅಂದರೆ ಒಂದೇ ಸಂಜೆ, ಒಂದೇ ಬಾಯಲ್ಲಿ ‘ವೆಂಟ್’ ಕೂಡ ಬರುತ್ತೆ, ‘ಗೋಡ್’ ಕೂಡ ಬರುತ್ತೆ. ‘ವೆಂಟ್’ ಎಲ್ಲೂ ಕಳೆದುಹೋಗಿಲ್ಲ.

ಕೋಡುಬಳೆ

ಆ ಎರಡು ಮೂರನ್ನು ನಾನು ಪೂರ್ತಿ ಒಪ್ಪಲ್ಲ. ಅದು ಎಲ್ಲಾ ಕ್ರಿಯಾಪದ, ಎಲ್ಲಾ ತಿಂಗಳು ಕಲೆಸಿದ ಲೆಕ್ಕ. ಮಗು ದಿನಕ್ಕೆ ನೂರು ಸಲ ಹೇಳೋ ಪದಗಳು ಸರಿಯಾಗಿ ಬಂದರೆ ಸರಾಸರಿ ತಾನಾಗೇ ಚೆನ್ನಾಗಿ ಕಾಣುತ್ತೆ. ‘ಹೋಲ್ಡ್’ ಥರ ಅಪರೂಪದ್ದನ್ನು ಒಂದನ್ನೇ ತೆಗೆದು ನೋಡಿ, ಆ ಒಂದೆರಡು ತಿಂಗಳಲ್ಲಿ ಅರ್ಧಕ್ಕರ್ಧ ‘ಹೋಲ್ಡೆಡ್’ ಇರಬಹುದು. ಟೇಪ್ ಮಾಡೋದು ವಾರಕ್ಕೋ ಎರಡು ವಾರಕ್ಕೋ ಒಂದಿಷ್ಟು ಹೊತ್ತು. ಉಳಿದ ಹೊತ್ತು ಮಗು ಏನಂತಿತ್ತೋ ಯಾರಿಗೆ ಗೊತ್ತು?

ಮಾತುಗಾತಿ

ಇದನ್ನು ಒಪ್ತೀನಿ. ಈ ಆಕ್ಷೇಪ ಆ ಕ್ಷೇತ್ರದವರೂ ಎತ್ತಿದ್ದಾರೆ. ಜಗಳ ಮುಗಿದಿಲ್ಲ. ಆದರೂ ‘ವೆಂಟ್’ ಪೂರ್ತಿ ಮಾಯ ಅನ್ನೋದಂತೂ ಯಾವ ಲೆಕ್ಕಕ್ಕೂ ಕೂರಲ್ಲ, ಅದು ಮನೆಯಲ್ಲಿ ದಿನಾ ಕಿವಿಗೆ ಬೀಳೋ ಪದ. ತಂದೆತಾಯಿ ಹೆಚ್ಚು ಬಳಸೋ ರೂಪದಲ್ಲಿ ಮಗುವಿನ ತಪ್ಪು ಕಡಿಮೆ ಅನ್ನೋದೂ ಆ ಎಣಿಕೆಯಲ್ಲೇ ಕಂಡಿತ್ತು.

ಅದೇ ನನ್ನ ಎರಡನೇ ತಕರಾರು. ಕತೆಯಲ್ಲಿ ‘ಗೋಡ್’ ಮತ್ತೆ ‘ಹೋಲ್ಡೆಡ್’ ಎರಡನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದ್ದೀರಿ. ಅವೆರಡರ ಆಯಸ್ಸು ಬೇರೆ. ‘ಹೆಲ್ಡ್’ ಮನೆಮಾತಿನಲ್ಲಿ ಅಪರೂಪ. ಮೇಲಿಂದ ‘ಹೋಲ್ಡ್’ನ ಪ್ರಾಸದ ನೆಂಟರು ಅದನ್ನು ಎಳೀಬಹುದು: ಫೋಲ್ಡ್–ಫೋಲ್ಡೆಡ್, ಸ್ಕೋಲ್ಡ್–ಸ್ಕೋಲ್ಡೆಡ್. ಹಾಗಾಗಿ ‘ಗೋಡ್’ ಬಿಟ್ಟ ಮೇಲೂ ‘ಹೋಲ್ಡೆಡ್’ ಸ್ಕೂಲಿಗೆ ಹೋಗೋವರೆಗೂ ಇರಬಹುದು.

ಇನ್ನೊಂದು ಸೂಕ್ಷ್ಮ ಇದೆ. ‘ಗೋ’ಗೆ ‘ಡ್’ ಸಾಕು. ‘ವಾಕ್’ಗೆ ಅದೇ ಬಾಲ ‘ಟ್’ ಆಗುತ್ತೆ. ‘ಹೋಲ್ಡ್’ ಮೊದಲೇ ‘ಡ್’ನಲ್ಲಿ ಮುಗಿಯೋದರಿಂದ ಅದಕ್ಕೆ ‘ಎಡ್’ ಅಂತ ಪೂರ್ತಿ ಒಂದು ಉಚ್ಚಾರ ಸೇರಿಸಬೇಕು. ಇದು ಮಕ್ಕಳಿಗೆ ಕಷ್ಟ. 1958ರಲ್ಲಿ ಜೀನ್ ಬರ್ಕೋ ಅನ್ನೋರು ಮಕ್ಕಳಿಗೆ ಹಕ್ಕಿ ಥರದ ಒಂದು ಪ್ರಾಣಿಯ ಚಿತ್ರ ತೋರಿಸಿ, ಇದು ‘ವಗ್’, ಇಂಥವು ಎರಡಿದ್ದರೆ ಏನಂತೀರಿ ಅಂತ ಕೇಳಿದರು. ಯಾರೂ ಯಾವತ್ತೂ ಕೇಳಿರದ ಪದ. ಮಕ್ಕಳು ‘ವಗ್ಸ್’ ಅಂದರು. ಹೀಗೇ ಸುಳ್ಳು ಕ್ರಿಯಾಪದಗಳನ್ನೂ ಕೊಟ್ಟರು. ‘ರಿಕ್’, ‘ಬಿಂಗ್’ ಅಂಥವಕ್ಕೆ ಬಾಲ ಸಲೀಸಾಗಿ ಅಂಟಿತು. ‘ಮಾಟ್’, ‘ಬಾಡ್’ ಅಂತ ಟ, ಡ-ಗಳಲ್ಲಿ ಮುಗಿಯೋದು ಬಂದಾಗ ತುಂಬಾ ಮಕ್ಕಳು ಬಾಲ ಅಂಟಿಸದೆ ಹಾಗೇ ಬಿಟ್ಟರು.

ನಂಜುಂಡಯ್ಯ ಮೇಷ್ಟ್ರು ತಪ್ಪು ಅಂತ ಗುರುತಿಸಿದ್ದರಲ್ಲ ‘ಹೋಲ್ಡೆಡ್’, ಅದಕ್ಕೆ ಮಗು ಅಷ್ಟು ಕೆಲಸ ಮಾಡಿದೆ.

ಹಳೇಮೇಷ್ಟ್ರು

ಟ, ಡ, ಎಡ್! ಈ ಮೂರನ್ನು ನಾನು ಬಿ.ಎಡ್. ಓದುವಾಗ ಮೊದಲ ಸಲ ಕೇಳಿದ್ದು. ಪರೀಕ್ಷೆಯಲ್ಲಿ ಬರೆದೂ ಇದ್ದೆ, ತಪ್ಪಾಗಿ.

ಎನ್ನಾರೈ_ಫಿಲ್ಟರ್‌ಕಾಫಿ

ಹಾಗಾದರೆ ಎರಡು ವರ್ಷಕ್ಕೆ ‘ಅಪ್ಪ ವೆಂಟ್’ ಸರಿಯಾಗಿ ಅಂದಿದ್ದು ಹೇಗೆ? ಆಗ ಗೊತ್ತಿತ್ತು, ಆಮೇಲೆ ಮರೆತಳು ಅಂತಲೇ ಆಯ್ತಲ್ಲ?

ಮಾತುಗಾತಿ

ಆಗ ಅವಳಿಗೆ ‘ವೆಂಟ್’ ಒಂದು ಬಿಡಿ ಪದ. ಬಾಗಿಲು ಮುಚ್ಚಿತು, ಅಪ್ಪ ಕಾಣಲ್ಲ, ‘ವೆಂಟ್’. ಅದು ‘ಗೋ’ಗೆ ಸೇರಿದ್ದು ಅನ್ನೋ ಗಂಟು ಇನ್ನೂ ಬಿದ್ದಿರಲಿಲ್ಲ. ಆಮೇಲೆ ವಾಕ್ಡ್, ಪ್ಲೇಡ್, ಜಂಪ್ಡ್ ಅಂತ ನೂರಾರು ಕೇಳಿದ ಮೇಲೆ ಬಾಲದ ಗುಟ್ಟು ಸಿಕ್ತು. ಸಿಕ್ಕ ಮೇಲೆ, ‘ವೆಂಟ್’ ತಕ್ಷಣ ನಾಲಿಗೆಗೆ ಬರದ ಹೊತ್ತಿನಲ್ಲಿ ಆ ಬಾಲ ನುಗ್ಗುತ್ತೆ. ಮರೆವು ಅಂದರೆ ಆ ಒಂದು ಗಳಿಗೆಯ ಮರೆವು. ಪಿಂಕರ್ ಕಡೆಯವರ ವಾದ ಇದು.

ಕೋಡುಬಳೆ

ಎದುರು ವಾದನೂ ಹೇಳಿ ಮತ್ತೆ. 1986ರಲ್ಲಿ ರೂಮೆಲ್‌ಹಾರ್ಟ್ ಮತ್ತೆ ಮೆಕ್‌ಕ್ಲೆಲೆಂಡ್ ಅನ್ನೋರು ನಿಯಮ ಅನ್ನೋದನ್ನೇ ಹಾಕದೆ, ಬರೀ ಸದ್ದಿನ ಹೋಲಿಕೆ ಕಲಿಯೋ ಒಂದು ಕಂಪ್ಯೂಟರ್ ಮಾದರಿ ಮಾಡಿದ್ದರು. ಅದೂ ಮೊದಲು ಸರಿ ಹೇಳಿ, ಆಮೇಲೆ ‘ಗೋಡ್’ ಥರ ತಪ್ಪಿ, ಮತ್ತೆ ಸರಿಹೋಯಿತು. ತಲೆಯೊಳಗೆ ನಿಯಮ ಅಂತ ಒಂದು ಇರಲೇಬೇಕಾ ಅನ್ನೋ ಪ್ರಶ್ನೆ ಅಲ್ಲಿಂದ ಬಂತು.

ಮಾತುಗಾತಿ

ಅದಕ್ಕೆ ಮೊದಲು ಹತ್ತೇ ಕ್ರಿಯಾಪದ ಕೊಟ್ಟು, ಆಮೇಲೆ ಒಟ್ಟಿಗೇ ನಾನೂರಕ್ಕೂ ಹೆಚ್ಚು ಸುರಿದರು. ತಪ್ಪು ಶುರುವಾಗಿದ್ದು ಆ ಸುರಿದ ಹೊತ್ತಿಗೇ. ಯಾವ ಅಮ್ಮ ಮಗುವಿಗೆ ಹಾಗೆ ಮಾತಾಡ್ತಾಳೆ? 1988ರಲ್ಲಿ ಪಿಂಕರ್ ಮತ್ತೆ ಪ್ರಿನ್ಸ್ ಹಿಡಿದದ್ದೇ ಇದನ್ನ.

ಕೋಡುಬಳೆ

ಆಮೇಲೆ ಬಂದ ಮಾದರಿಗಳಲ್ಲಿ ಅದನ್ನು ಸರಿ ಮಾಡಿಕೊಂಡರು.

ತರ್ಲೆ_ತಿಮ್ಮ

ನೀವಿಬ್ಬರೂ ಬೇರೆ ಎಳೆ ಶುರು ಮಾಡಿ. ಇಲ್ಲಿ ಬೆಕ್ಕಿನ ಮರಿ ಕಾಯ್ತಾ ಇದೆ.

ಅರಸೀಕೆರೆ_ಪ್ಯಾಸೆಂಜರ್

ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ಮೂರನೇ ತಕರಾರು ಬಾಕಿ ಇದೆ. ಏರ್‌ಪೋರ್ಟಿನದ್ದು ಇರಬೇಕು ಅಂತ ಭಯ. ಅದು ನನಗೆ ತುಂಬಾ ಇಷ್ಟದ ಸಾಲು.

ಮತ್ತೆ ಒಂದು ಪ್ರಶ್ನೆ: ತಾತ ತಿದ್ದಿದ್ದು ಪೂರ್ತಿ ವ್ಯರ್ಥವಾ?

ಮಾತುಗಾತಿ

ತಿದ್ದುಪಡಿ ಬಗ್ಗೆ ಮೊದಲು. ಬ್ರೌನ್ ಮತ್ತೆ ಹ್ಯಾನ್ಲನ್ 1970ರಲ್ಲಿ ನೋಡಿದ್ದು ಏನಂದರೆ, ಅಪ್ಪ ಅಮ್ಮಂದಿರು ವ್ಯಾಕರಣಕ್ಕೆ ಹೌದು ಅಲ್ಲ ಅನ್ನಲ್ಲ, ಮಾತು ನಿಜವೋ ಸುಳ್ಳೋ ಅಂತ ನೋಡ್ತಾರೆ. ‘ಐ ಹೋಲ್ಡೆಡ್ ದ ಕಿಟ್ಟನ್’ ಅಂದರೆ, ನಿಜವಾಗಿ ಹಿಡಿದಿದ್ದರೆ ‘ಹೌದಾ ಬಂಗಾರಿ!’ ಅಂತಾರೆ. ಆದರೂ ಮಕ್ಕಳು ಕಲೀತಾರೆ. ನಿಮ್ಮ ಮೇಷ್ಟ್ರು ‘ವೆಂಟ್ ಅನ್ನು’ ಅಂದಾಗ ಅವಳು ಅಂದುಬಿಟ್ಟು ಮತ್ತೆ ‘ಗೋಡ್’ ಅಂದಳಲ್ಲ, ಅದು ನೂರಕ್ಕೆ ನೂರು ನಿಜ. ನನ್ನ ಕ್ಲಿನಿಕ್ಕಿನಲ್ಲಿ ವಾರಕ್ಕೆರಡು ಸಲ ನೋಡ್ತೀನಿ. ಅವಳಿಗೆ ತಾತ ಹೊಸ ಆಟ ಆಡಿಸ್ತಿದ್ದಾರೆ, ಆ ಆಟಕ್ಕೂ ಪಾರ್ಕಿಗೂ ಸಂಬಂಧ ಇಲ್ಲ.

ಏರ್‌ಪೋರ್ಟ್: ನಡೆಯಬಹುದು. ತಾವು ಹೇಳೋ ತಪ್ಪನ್ನೇ ದೊಡ್ಡವರು ಹೇಳಿದರೆ ನಗೋ ಮಕ್ಕಳಿದ್ದಾರೆ. ಎರಡೂ ಸರಿ ಅಂತ ಒಪ್ಪೋ ಮಕ್ಕಳೂ ಇದ್ದಾರೆ. ನನ್ನ ತಕರಾರು ಬೇರೆ. ಮೂರು ತಿಂಗಳು ‘ವೆಂಟ್’ ಅನ್ನದ ಮಗು ಕೊನೇ ಸಾಲಿನಲ್ಲಿ ಟಕ್ ಅಂತ ‘ವೆಂಟ್’ ಅಂದರೆ ಅದು ಕತೆಗಾರನ ಕೈಚಳಕ. ಮೊದಲಿಂದಲೇ ಅನ್ನುತ್ತಿದ್ದರೆ ಮಗುವಿನದ್ದು.

ಹಳೇಮೇಷ್ಟ್ರು

ತಿದ್ದುವುದು ವ್ಯರ್ಥ ಎಂದು ನಾನು ಒಪ್ಪುವುದಿಲ್ಲ. ‘ಹೌದಾ, ಯೂ ಹೆಲ್ಡ್ ಇಟ್?’ ಎಂದು ಸರಿಯಾದದ್ದನ್ನು ಮಾತಿನ ನಡುವೆ ವಾಪಸ್ ಕೊಟ್ಟರೆ ಮಗು ಹಿಡಿಯುತ್ತದೆ. ನನ್ನ ಮೊಮ್ಮಗ ಹಿಡಿದ.

ಮಾತುಗಾತಿ

ಹಿಡಿದ, ಆದರೆ ಅದರಿಂದಲೇ ಹಿಡಿದನಾ? ಮೇಷ್ಟ್ರೇ, ಅದರ ಬಗ್ಗೆಯೂ ಎರಡು ಪಂಗಡ ಇದೆ. ವಾಪಸ್ ಕೊಡೋದರಲ್ಲಿ ನಷ್ಟ ಏನಿಲ್ಲ. ನಾನೂ ಅದನ್ನೇ ಮಾಡ್ತೀನಿ. ‘ಹಾಗನ್ನು, ಹೀಗನ್ನು’ ಅಂತ ಮಾತು ನಿಲ್ಲಿಸೋದು ಬೇಡ ಅಷ್ಟೇ. ಬೆಕ್ಕಿನ ಕತೆ ಅರ್ಧಕ್ಕೇ ನಿಂತುಹೋಗುತ್ತೆ.

ಧಾರವಾಡ_ಫೇಡೆ

ಫ್ರಿಜ್ಜಿನ ಮೇಲಿನ ಹಾಳಿ ಮಾತ್ರ ತಗೀಬ್ಯಾಡ್ರಿ. ಅದರಾಗ ಬೆಕ್ಕು ಐತಿ.

ಅರಸೀಕೆರೆ_ಪ್ಯಾಸೆಂಜರ್

‘ಒಂದೇ ಒಂದು ಸಲವೂ’ ಸಾಲು ತೆಗೆದೆ. ಅದರ ಜಾಗದಲ್ಲಿ ಇದು:

ಒಂದು ಸಂಜೆ ಅದಿತಿ ಶೂ ಬಿಚ್ಚುತ್ತಾ ಅಂದಳು: ‘ಅಪ್ಪ ವೆಂಟ್ ಟು ಆಫೀಸ್, ಅಂಡ್ ವಿ ಗೋಡ್ ಟು ದ ಪಾರ್ಕ್.’ ಮೇಷ್ಟ್ರು ಕನ್ನಡಕ ತೆಗೆದರು. ‘ಅಪ್ಪ ಏನು ಮಾಡಿದರು?’ ‘ವೆಂಟ್.’ ‘ನೀವು?’ ‘ಗೋಡ್.’ ‘ಅದ್ಯಾಕೆ ಅಪ್ಪನಿಗೊಂದು, ನಿಮಗೊಂದು?’ ಅದಿತಿ ಯೋಚಿಸಿದಳು. ‘ಅಪ್ಪ ಕಾರಲ್ಲಿ,’ ಅಂದಳು. ‘ನಾವು ನಡ್ಕೊಂಡು.’

ಮಾತುಗಾತಿ

ಅಯ್ಯೋ! ಇದು ಮೊದಲಿನದಕ್ಕಿಂತ ಎಷ್ಟೋ ಚೆನ್ನಾಗಿದೆ. ಕೇಳಿದರೆ ಮಕ್ಕಳು ಹೀಗೇ ಏನೋ ಒಂದು ಕಾರಣ ಕಟ್ಟಿ ಕೊಡ್ತಾರೆ.

ಎನ್ನಾರೈ_ಫಿಲ್ಟರ್‌ಕಾಫಿ

ಇಷ್ಟು ಚೆನ್ನಾಗಿ ಕನ್ನಡ ಮಾತಾಡೋ ಮೂರೂವರೆಯ ಮಗು ಎಡಿಸನ್‌ನಲ್ಲಿ ಯಾರ ಮನೇಲಿದೆ, ಅಡ್ರೆಸ್ ಕೊಡಿ.

ಗುಬ್ಬಿಅಮ್ಮ

ಅಕ್ಕಾ, ಶುಕ್ರವಾರಕ್ಕೆ ಕಿವಿ ಟೆಸ್ಟ್ ಬುಕ್ ಆಯ್ತು. ಅತ್ತೆಯೂ ಬರ್ತಾರಂತೆ.

ತರ್ಲೆ_ತಿಮ್ಮ

ಈಗ ಪೂರ್ತಿ ಓದಿದೆ. ಬೆಕ್ಕಿನ ಮರಿಗೆ ಹೆಸರಿಲ್ವಾ?